ಕಪ್ಪೆಯ ಸ್ನಾಯು ಔಷಧಿಯನ್ನು ಅಳೆಯುವುದು ಹೇಗೆ?

ದೀಪಾವಳಿಗೆ ಚಿಕ್ಕಮಗಳೂರಿನ ಮನೆಗೆ ಬಂದಿದ್ದ ತಂಗಿ ಮಗಳು ಲ್ಯಾಪ್‌ಟಾಪ್ ಮುಂದೆ ಕೂತು ಏನೋ ಒತ್ತುತ್ತಿದ್ದಳು. ಅವಳು ಹಾಸನದಲ್ಲಿ ಬಿ.ಫಾರ್ಮ್ ಐದನೇ ಸೆಮಿಸ್ಟರ್ ಓದುತ್ತಿದ್ದಾಳೆ. ಪರದೆಯ ಮೇಲೆ ಒಂದು ಗಾಜಿನ ಕೊಳವೆ, ಅದರೊಳಗೆ ಒಂದು ಸಣ್ಣ ಪಟ್ಟಿ. ಒಂದು ಗುಂಡಿ ಒತ್ತಿದರೆ ಪಕ್ಕದಲ್ಲಿ ಒಂದು ಗೆರೆ ನಿಧಾನಕ್ಕೆ ಮೇಲೇರುತ್ತಿತ್ತು. ಅದನ್ನು ನೋಡಿ ತಂಗಿ ಕೇಳಿದಳು, "ಅಲ್ವೇ, ಔಷಧಿ ಓದೋಕೆ ಹೋದವಳು ಕಪ್ಪೆ ಹೊಟ್ಟೆ ಯಾಕೆ ಎಳೀತಿದೀಯಾ?"

"ಮಾವ, ಅಮ್ಮನಿಗೆ ನೀವೇ ಹೇಳಿ," ಅಂತ ಹುಡುಗಿ ನನ್ನ ಕಡೆ ತಿರುಗಿದಳು. ನಾನು ಬಹಳ ವರ್ಷ ಈ ಪ್ರಯೋಗಗಳನ್ನು ನಿಜವಾದ ಸ್ನಾಯುವಿನ ಮೇಲೆ ಮಾಡಿಸಿದವನು. ಅವತ್ತು ತಂಗಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ ಫಾರ್ಮಸಿ ಅಥವಾ ಮೆಡಿಕಲ್ ಓದುವ ಮಕ್ಕಳಿದ್ದರೆ ಅವರ ರೆಕಾರ್ಡ್ ಪುಸ್ತಕದಲ್ಲಿ ಈ ಗೆರೆಗಳನ್ನು ನೀವೂ ನೋಡಿರುತ್ತೀರಿ.

## ನಾಲಿಗೆಯೇ ತಕ್ಕಡಿಯಾದಾಗ

ಒಂದು ಪಾತ್ರೆಯಲ್ಲಿ ಡಿಕಾಕ್ಷನ್ ಇದೆ ಅಂದುಕೊಳ್ಳಿ. ಎಷ್ಟು ಚಮಚ ಪುಡಿ ಹಾಕಿದ್ದಾರೆ ಅಂತ ಗೊತ್ತಿಲ್ಲ. ತಕ್ಕಡಿಯಲ್ಲಿಟ್ಟರೆ ಪ್ರಯೋಜನವಿಲ್ಲ, ಯಾಕೆಂದರೆ ಅದರ ತೂಕದಲ್ಲಿ ಬಹುಪಾಲು ಬರೀ ನೀರು. ಆಗ ಏನು ಮಾಡಬಹುದು? ಅಷ್ಟೇ ನೀರಿಗೆ ಎರಡು ಚಮಚ ಪುಡಿ ಹಾಕಿ ಒಂದು ಡಿಕಾಕ್ಷನ್ ಇಳಿಸಿ. ನಾಲ್ಕು ಚಮಚ ಹಾಕಿ ಇನ್ನೊಂದು ಇಳಿಸಿ. ಈಗ ಮೂರನ್ನೂ ರುಚಿ ನೋಡಿ. ಗೊತ್ತಿಲ್ಲದ್ದು ಎರಡು ಚಮಚದ್ದಕ್ಕಿಂತ ಗಟ್ಟಿ, ನಾಲ್ಕು ಚಮಚದ್ದಕ್ಕಿಂತ ತೆಳು ಅನ್ನಿಸಿದರೆ ಪುಡಿ ಎರಡಕ್ಕೂ ನಾಲ್ಕಕ್ಕೂ ನಡುವೆ ಇದೆ.

ಬಯೋಅಸ್ಸೆ ಅಂದರೆ ಇದೇ. ಒಂದು ವಸ್ತು ಎಷ್ಟಿದೆ ಅನ್ನುವುದನ್ನು, ಅದು ಜೀವಂತ ಅಂಗಾಂಶದ ಮೇಲೆ ಮಾಡುವ ಕೆಲಸದಿಂದ ಅಳೆಯುವುದು. ಪ್ರಮಾಣ ಗೊತ್ತಿರುವ ದ್ರಾವಣಕ್ಕೆ ಸ್ಟ್ಯಾಂಡರ್ಡ್ ಅನ್ನುತ್ತಾರೆ. ಗೊತ್ತಿಲ್ಲದ್ದು ಟೆಸ್ಟ್. ನಾಲಿಗೆಯ ಜಾಗದಲ್ಲಿ ಒಂದು ತುಂಡು ಸ್ನಾಯು ಇರುತ್ತದೆ.

ಇನ್ಸುಲಿನ್ ಬಾಟಲಿಯ ಮೇಲೆ ಒಂದು ಎಂಎಲ್‌ಗೆ 40 ಯೂನಿಟ್ ಅಂತ ಬರೆದಿರುವುದನ್ನು ನೋಡಿರುತ್ತೀರಿ. ಮಿಲಿಗ್ರಾಂ ಬಿಟ್ಟು ಯೂನಿಟ್ ಯಾಕೆ? ಇನ್ಸುಲಿನ್ ಶುರುವಾದ ಕಾಲದಲ್ಲಿ ಅದನ್ನು ಶುದ್ಧವಾಗಿ ತೆಗೆದು ತೂಗುವುದು ಆಗುತ್ತಿರಲಿಲ್ಲ. ಮೊಲಕ್ಕೆ ಚುಚ್ಚಿ, ಅದರ ರಕ್ತದ ಸಕ್ಕರೆ ಎಷ್ಟು ಇಳಿಯಿತು ಅಂತ ನೋಡಿ ಶಕ್ತಿ ಹೇಳುತ್ತಿದ್ದರು. ಆ ಲೆಕ್ಕದ ಹೆಸರು ಬಾಟಲಿಯ ಮೇಲೆ ಹಾಗೇ ಉಳಿದುಕೊಂಡಿದೆ.

## ಕಪ್ಪೆಯೇ ಯಾಕೆ, ಅದರ ಹೊಟ್ಟೆಯ ಸ್ನಾಯುವೇ ಯಾಕೆ?

ನಮ್ಮ ನರದ ತುದಿಯಿಂದ ಸ್ನಾಯುವಿಗೆ ಸಂದೇಶ ಹೋಗುವುದು ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕದ ಮೂಲಕ. ಹೆನ್ರಿ ಡೇಲ್ 1914ರಲ್ಲಿ ಇದರ ಗುಣಗಳನ್ನು ವಿವರವಾಗಿ ಬರೆದರು. ಒಟ್ಟೊ ಲೋವಿ 1921ರಲ್ಲಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿ, ನರದಿಂದ ರಾಸಾಯನಿಕ ಹೊರಬರುತ್ತದೆ ಅಂತ ತೋರಿಸಿದರು. ಇಬ್ಬರಿಗೂ 1936ರಲ್ಲಿ ನೊಬೆಲ್ ಬಂತು. ನರದಿಂದ ಹೊರಬರುವ ಅಸಿಟೈಲ್‌ಕೋಲಿನ್ ಎಷ್ಟು ಕಡಿಮೆ ಅಂದರೆ ಆ ಕಾಲದ ರಾಸಾಯನಿಕ ಪರೀಕ್ಷೆಗಳಿಗೆ ಸಿಕ್ಕಿಬೀಳುತ್ತಿರಲಿಲ್ಲ. ಆದರೆ ಸ್ನಾಯುವಿಗೆ ಗೊತ್ತಾಗುತ್ತಿತ್ತು.

ಕಪ್ಪೆಯ ಹೊಟ್ಟೆಯ ಮುಂಭಾಗದಲ್ಲಿ ಎದೆಮೂಳೆಯಿಂದ ಕೆಳಗಿನವರೆಗೆ ಉದ್ದಕ್ಕೆ ಎರಡು ಪಟ್ಟಿ ಸ್ನಾಯು ಇದೆ. ನಡುವೆ ಒಂದು ಬಿಳಿ ಗೆರೆ. ಇದೇ ರೆಕ್ಟಸ್ ಅಬ್ಡಾಮಿನಿಸ್. ಕಪ್ಪೆಯ ಕಾಲಿನ ಸ್ನಾಯು ಒಮ್ಮೆಲೇ ಜಿಗ್ಗೆಂದು ಎಳೆದು ಬಿಟ್ಟುಬಿಡುತ್ತದೆ. ಅದರ ಎಳೆಗಳಲ್ಲಿ ಅಸಿಟೈಲ್‌ಕೋಲಿನ್ ಹಿಡಿಯುವ ಜಾಗಗಳು, ಅಂದರೆ ರಿಸೆಪ್ಟರ್‌ಗಳು, ನರ ಬಂದು ಸೇರುವ ಕಡೆ ಮಾತ್ರ ಇರುತ್ತವೆ. ರೆಕ್ಟಸ್‌ನಲ್ಲಿರುವ ನಿಧಾನದ ಎಳೆಗಳಲ್ಲಿ ಹಾಗಲ್ಲ, ರಿಸೆಪ್ಟರ್‌ಗಳು ಉದ್ದಕ್ಕೂ ಹರಡಿಕೊಂಡಿವೆ. ಹಾಗಾಗಿ ಸ್ವಲ್ಪ ಅಸಿಟೈಲ್‌ಕೋಲಿನ್ ಹಾಕಿದರೆ ಸ್ವಲ್ಪ ಕುಗ್ಗುತ್ತದೆ, ಜಾಸ್ತಿ ಹಾಕಿದರೆ ಜಾಸ್ತಿ ಕುಗ್ಗುತ್ತದೆ. ಅಳೆಯುವುದಕ್ಕೆ ನಮಗೆ ಬೇಕಾದ್ದು ಇಂಥ ಹೆಚ್ಚು ಕಡಿಮೆಯೇ. ಸುಮ್ನೆ ಹೌದು ಇಲ್ಲ ಅನ್ನುವ ಸ್ನಾಯುವಿನಿಂದ ಏನನ್ನೂ ಅಳೆಯಲು ಆಗುವುದಿಲ್ಲ.

ಇನ್ನೊಂದು ಅನುಕೂಲವೂ ಇದೆ. ಕಪ್ಪೆ ತಣ್ಣನೆ ರಕ್ತದ ಪ್ರಾಣಿ. ಅದರ ಸ್ನಾಯು ಕೋಣೆಯ ತಾಪದಲ್ಲೇ ಗಂಟೆಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಹೀಟರ್ ಬೇಕಿಲ್ಲ.

## ಗಾಜಿನ ಕೊಳವೆಯೊಳಗೆ

ಪ್ರಯೋಗದ ಹೃದಯ ಅಂದರೆ ಆರ್ಗನ್ ಬಾತ್. ಸುಮಾರು 20 ಎಂಎಲ್ ಹಿಡಿಯುವ ಗಾಜಿನ ಕೊಳವೆ. ಅದರಲ್ಲಿ ಕಪ್ಪೆ ರಿಂಗರ್ ದ್ರಾವಣ ತುಂಬಿರುತ್ತದೆ. ಲೀಟರಿಗೆ ಆರು, ಆರೂವರೆ ಗ್ರಾಂ ಅಡುಗೆ ಉಪ್ಪು, ಅದರ ಜೊತೆಗೆ ಚೂರು ಪೊಟ್ಯಾಸಿಯಂ, ಕ್ಯಾಲ್ಸಿಯಂ, ಸೋಡಿಯಂ ಬೈಕಾರ್ಬನೇಟ್, ಗ್ಲೂಕೋಸ್. ಕಪ್ಪೆಯ ದೇಹದೊಳಗಿನ ನೀರಿನ ನಕಲು ಅಂದುಕೊಳ್ಳಿ. ಇದನ್ನು ತಯಾರಿಸುವಾಗ ಕ್ಯಾಲ್ಸಿಯಂ ಕ್ಲೋರೈಡನ್ನು ಬೇರೆ ಕರಗಿಸಿಕೊಂಡು ಕೊನೆಯಲ್ಲಿ, ಕಲಕುತ್ತಾ ಸೇರಿಸಬೇಕು. ಗಟ್ಟಿ ದ್ರಾವಣಗಳನ್ನು ಒಟ್ಟಿಗೆ ಸುರಿದರೆ ಬೈಕಾರ್ಬನೇಟ್ ಜೊತೆ ಸೇರಿ ನೀರು ಸುಣ್ಣ ಕದಡಿದಂತೆ ಬೆಳ್ಳಗಾಗುತ್ತದೆ. ಕ್ಯಾಲ್ಸಿಯಂ ತಳಕ್ಕೆ ಕೂತಿತು ಅಂದರೆ ಸ್ನಾಯುವಿಗೆ ಸಿಗುವುದಿಲ್ಲ. ಗ್ಲೂಕೋಸನ್ನು ಆ ದಿನವೇ ಹಾಕಬೇಕು. ಹಿಂದಿನ ದಿನ ಹಾಕಿಟ್ಟರೆ ಸೂಕ್ಷ್ಮಜೀವಿಗಳು ಬೆಳೆದು ದ್ರಾವಣ ಕೆಡಬಹುದು.

ಮೊದಲು ಕಪ್ಪೆಯ ಮೆದುಳು ಮತ್ತು ಬೆನ್ನುಹುರಿಯನ್ನು ನಾಶಮಾಡಿ, ಅದಕ್ಕೆ ಏನೂ ತಿಳಿಯದಂತೆ ಆದಮೇಲೆ ಸ್ನಾಯು ತೆಗೆಯುತ್ತಿದ್ದರು. ಪಟ್ಟಿಯ ಎರಡೂ ತುದಿಗೆ ದಾರ ಕಟ್ಟುತ್ತಾರೆ. ಕೆಳಗಿನ ದಾರವನ್ನು ಬಾತಿನೊಳಗಿನ ಬಾಗಿದ ಗಾಜಿನ ಕೊಳವೆಗೆ ಕಟ್ಟುತ್ತಾರೆ. ಅದೇ ಕೊಳವೆಯಿಂದ ಗಾಳಿಯ ಗುಳ್ಳೆಗಳೂ ಬರುತ್ತವೆ. ಮೇಲಿನ ದಾರ ಒಂದು ಉದ್ದನೆಯ ಕಡ್ಡಿಗೆ. ಆ ಕಡ್ಡಿಗೆ ಲಿವರ್ ಅನ್ನುತ್ತಾರೆ. ಸ್ನಾಯು ಕೂದಲೆಳೆಯಷ್ಟು ಕುಗ್ಗಿದರೂ ಕಡ್ಡಿಯ ಆ ಕಡೆಯ ತುದಿ ಹಲವು ಪಟ್ಟು ಏಳುತ್ತದೆ. ಅದರ ಮುಂದೆ ನಿಧಾನಕ್ಕೆ ತಿರುಗುವ ಡ್ರಮ್. ಡ್ರಮ್ಮಿಗೆ ನುಣುಪು ಕಾಗದ ಸುತ್ತಿ ಹೊಗೆ ಹಿಡಿದು ಮಸಿ ಮಾಡಿರುತ್ತಿದ್ದರು. ಕಡ್ಡಿಯ ತುದಿ ಮಸಿಯನ್ನು ಕೆರೆದಲ್ಲೆಲ್ಲ ಬಿಳಿ ಗೆರೆ. ಪ್ರಯೋಗ ಮುಗಿದ ಮೇಲೆ ಕಾಗದ ಬಿಚ್ಚಿ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಿದರೆ ಗೆರೆ ಅಳಿಸುವುದಿಲ್ಲ. ವಾರ್ನಿಷ್ ಹಾಕುವ ಮೊದಲು ಅಂಗಿಯ ತೋಳು ತಾಗಿಸಿ ಮೂರು ಗಂಟೆಯ ಕೆಲಸ ಕಳೆದುಕೊಂಡು ಅತ್ತ ಹುಡುಗರನ್ನು ನಾನು ನೋಡಿದ್ದೇನೆ.

ಸ್ನಾಯು ಕಟ್ಟಿದ ತಕ್ಷಣ ಔಷಧಿ ಹಾಕುವ ಹಾಗಿಲ್ಲ. ಒಂದು ಗ್ರಾಂ ಭಾರ ಕೊಟ್ಟು ಮುಕ್ಕಾಲು ಗಂಟೆ ಬಿಡಬೇಕು. ಕತ್ತರಿ ತಾಗಿ ಬಿಗಿದುಕೊಂಡ ಸ್ನಾಯು ಆಗ ಸಡಿಲವಾಗುತ್ತದೆ. ಆಮೇಲೆ ಐದು ನಿಮಿಷದ ಸುತ್ತು ಶುರು. ಮೊದಲ ಅರ್ಧ ನಿಮಿಷ ಏನೂ ಹಾಕದೆ ಡ್ರಮ್ ಓಡಿಸುತ್ತಾರೆ. ಆಗ ಬರುವ ನೆಟ್ಟನೆ ಗೆರೆಯೇ ಬೇಸ್‌ಲೈನ್. ಆಮೇಲೆ ಔಷಧಿ ಹಾಕಿ 90 ಸೆಕೆಂಡ್ ಕಾಯುತ್ತಾರೆ. ಗೆರೆ ನಿಧಾನವಾಗಿ ಗುಡ್ಡ ಹತ್ತುತ್ತದೆ. 90 ಸೆಕೆಂಡಿಗೆ ಡ್ರಮ್ ನಿಲ್ಲಿಸಿ, ಬಾತಿನ ನೀರು ಖಾಲಿ ಮಾಡಿ, ಹೊಸ ರಿಂಗರ್ ತುಂಬಿ, ಹೀಗೆ ಎರಡು ಮೂರು ಸಲ ತೊಳೆಯುತ್ತಾರೆ. ಗೆರೆ ಮತ್ತೆ ಬೇಸ್‌ಲೈನ್‌ಗೆ ಇಳಿದ ಮೇಲೇ ಮುಂದಿನ ಡೋಸ್.

ಕಾಫಿ ರುಚಿ ನೋಡುವವರು ಒಂದು ಕಪ್ಪಿಗೂ ಇನ್ನೊಂದಕ್ಕೂ ನಡುವೆ ಬಾಯಿ ಮುಕ್ಕಳಿಸುತ್ತಾರಲ್ಲ, ತೊಳೆಯುವುದು ಅದೇ ಕೆಲಸಕ್ಕೆ. 90 ಸೆಕೆಂಡ್ ಅಂದರೆ ಎಲ್ಲ ಡೋಸಿಗೂ 90 ಸೆಕೆಂಡೇ. ರೆಕ್ಟಸ್ ಇನ್ನೂ ಏರುತ್ತಲೇ ಇರುತ್ತದೆ, ಒಂದಕ್ಕೆ 100 ಸೆಕೆಂಡ್ ಕೊಟ್ಟರೆ ಆ ಗೆರೆ ಸುಳ್ಳು ಎತ್ತರ ತೋರಿಸುತ್ತದೆ.

## ಮೂರು ಗೆರೆಗಳ ಲೆಕ್ಕ

ಮೊದಲು ಸ್ಟ್ಯಾಂಡರ್ಡ್ ದ್ರಾವಣವನ್ನು ಡೋಸ್ ದುಪ್ಪಟ್ಟು ಮಾಡುತ್ತಾ ಹೋಗಬೇಕು: 0.1 ಎಂಎಲ್, 0.2, 0.4, 0.8, 1.6. ಶುರುವಿನಲ್ಲಿ ಎತ್ತರ ಕಡಿಮೆ, ನಡುವೆ ಸಮವಾಗಿ ಏರುತ್ತದೆ, ಕೊನೆಗೆ ಎಷ್ಟು ಹಾಕಿದರೂ ಅಷ್ಟೇ ನಿಲ್ಲುತ್ತದೆ. ಕಾಫಿಯೂ ಹಾಗೇ ಅಲ್ವಾ? ಒಂದು ಚಮಚಕ್ಕೂ ಎರಡಕ್ಕೂ ಇರುವ ವ್ಯತ್ಯಾಸ ನಾಲಿಗೆಗೆ ಚೆನ್ನಾಗಿ ಗೊತ್ತಾಗುತ್ತದೆ. ಹತ್ತಕ್ಕೂ ಹನ್ನೊಂದಕ್ಕೂ ಗೊತ್ತಾಗುವುದಿಲ್ಲ.

ಪ್ರತಿ ಸಲ ಡೋಸ್ ದುಪ್ಪಟ್ಟಾದಾಗ ಎತ್ತರ ಹೆಚ್ಚುಕಡಿಮೆ ಒಂದೇ ಹೆಜ್ಜೆಯಷ್ಟು ಏರುವ ಆ ನಡುಭಾಗದಲ್ಲೇ ಅಳತೆ ಮಾಡಬೇಕು. ದುಪ್ಪಟ್ಟಿಗೆ ಒಂದೊಂದು ಹೆಜ್ಜೆ ಇಡುವುದನ್ನು ಲೆಕ್ಕದಲ್ಲಿ ಹಿಡಿಯಲು ಲಾಗರಿದಮ್ ಬೇಕು. ಸೂತ್ರದಲ್ಲಿ log ಬರುವುದು ಅದಕ್ಕೇ.

ಒಂದು ಉದಾಹರಣೆ ಮಾಡೋಣ. ಸ್ಟ್ಯಾಂಡರ್ಡ್ ಅಸಿಟೈಲ್‌ಕೋಲಿನ್ ಒಂದು ಎಂಎಲ್‌ಗೆ 10 ಮೈಕ್ರೋಗ್ರಾಂ. ಮೈಕ್ರೋಗ್ರಾಂ ಅಂದರೆ ಗ್ರಾಂನ ಹತ್ತು ಲಕ್ಷದ ಒಂದು ಭಾಗ. ಚಿಕ್ಕ ಡೋಸ್ 0.2 ಎಂಎಲ್, ದೊಡ್ಡ ಡೋಸ್ 0.4 ಎಂಎಲ್. ಟೆಸ್ಟ್ ದ್ರಾವಣದಿಂದ 0.2 ಎಂಎಲ್. ಮೂರನ್ನೂ ಮೂರು ಸುತ್ತು ಹಾಕಬೇಕು, ಆದರೆ ಪ್ರತಿ ಸುತ್ತಿನಲ್ಲಿ ಸರದಿ ಬದಲಾಗಬೇಕು. ಮೊದಲ ಸುತ್ತಿನಲ್ಲಿ ಚಿಕ್ಕದು, ದೊಡ್ಡದು, ಟೆಸ್ಟ್. ಎರಡನೆಯದರಲ್ಲಿ ದೊಡ್ಡದು, ಟೆಸ್ಟ್, ಚಿಕ್ಕದು. ಮೂರನೆಯದರಲ್ಲಿ ಟೆಸ್ಟ್, ಚಿಕ್ಕದು, ದೊಡ್ಡದು. ಯಾಕೆ ಅಂದರೆ ಹೊತ್ತು ಹೋದಂತೆ ಸ್ನಾಯುವಿನ ಚುರುಕು ಬದಲಾಗುತ್ತದೆ. ಟೆಸ್ಟ್ ಯಾವಾಗಲೂ ಕೊನೆಗೇ ಬಂದರೆ ದಣಿವೆಲ್ಲ ಅದರ ತಲೆಗೇ ಬೀಳುತ್ತದೆ.

ಚಿಕ್ಕ ಡೋಸಿಗೆ ಎತ್ತರ 29, 31, 30 ಮಿಲಿಮೀಟರ್ ಬಂತು ಅಂದುಕೊಳ್ಳಿ. ಸರಾಸರಿ 30. ದೊಡ್ಡ ಡೋಸಿಗೆ 51, 49, 50, ಸರಾಸರಿ 50. ಟೆಸ್ಟಿಗೆ 39, 42, 39, ಸರಾಸರಿ 40. ಈಗ ಸೂತ್ರ:

C = Cs × (n1/t) × antilog [ (T − S1)/(S2 − S1) × log(n2/n1) ]

Cs ಅಂದರೆ ಸ್ಟ್ಯಾಂಡರ್ಡ್ ದ್ರಾವಣದ ಶಕ್ತಿ. n1, n2 ಅದರ ಎರಡು ಡೋಸ್, t ಟೆಸ್ಟಿನ ಡೋಸ್. S1, S2, T ಆ ಮೂರರ ಎತ್ತರ. ಒಳಗಿನ ಭಾಗ ಕೇಳುವ ಪ್ರಶ್ನೆ ಒಂದೇ: ಚಿಕ್ಕದರಿಂದ ದೊಡ್ಡದಕ್ಕೆ ಹೋಗುವ ದಾರಿಯಲ್ಲಿ ಟೆಸ್ಟ್ ಎಷ್ಟು ದೂರ ಬಂದಿದೆ? ಇಲ್ಲಿ 20 ಮಿಲಿಮೀಟರ್ ದಾರಿಯಲ್ಲಿ 10, ಅಂದರೆ ಅರ್ಧ. ದೊಡ್ಡ ಡೋಸ್ ಚಿಕ್ಕದರ ಎರಡು ಪಟ್ಟು, log 2 ಅಂದರೆ 0.301. ಅದರ ಅರ್ಧ 0.1505. ಆಂಟಿಲಾಗ್ ತೆಗೆದರೆ 1.414. ಚಿಕ್ಕ ಡೋಸೂ ಟೆಸ್ಟೂ 0.2 ಎಂಎಲ್ಲೇ ಆದ್ದರಿಂದ n1/t ಒಂದು. ಉತ್ತರ ಒಂದು ಎಂಎಲ್‌ಗೆ 14.14 ಮೈಕ್ರೋಗ್ರಾಂ.

ಇಲ್ಲಿ ಬಹಳ ಮಕ್ಕಳು ಎಡವುತ್ತಾರೆ. ಅರ್ಧ ದಾರಿ ಅಂದಮೇಲೆ 10ಕ್ಕೂ 20ಕ್ಕೂ ನಡುವಿನ 15 ಬರಬೇಕಲ್ವಾ ಅನ್ನುತ್ತಾರೆ. ಸ್ನಾಯು ಕೂಡಿಸುತ್ತಾ ಏರುವುದಿಲ್ಲ, ದುಪ್ಪಟ್ಟಿಗೆ ಒಂದು ಹೆಜ್ಜೆ ಇಟ್ಟು ಏರುತ್ತದೆ. ಅದರ ಅರ್ಧ ಹೆಜ್ಜೆ ಅಂದರೆ ತನ್ನಿಂದಲೇ ಗುಣಿಸಿದರೆ 2 ಆಗುವ ಸಂಖ್ಯೆ, ಅದೇ 1.414.

## ಉತ್ತರ ಎಲ್ಲಿ ಕೆಡುತ್ತದೆ?

ಎಲ್ಲಕ್ಕಿಂತ ದೊಡ್ಡ ತಪ್ಪು ಡೋಸ್ ಆರಿಸುವುದರಲ್ಲಿ. ಮೇಲಿನ ಉದಾಹರಣೆಯಲ್ಲಿ ಟೆಸ್ಟಿನ ಎತ್ತರ ಓದುವಾಗ ಒಂದು ಮಿಲಿಮೀಟರ್ ಜಾಸ್ತಿ ಓದಿದೆವು, 40ರ ಬದಲು 41. ಉತ್ತರ 14.14ರಿಂದ 14.64ಕ್ಕೆ ಹೋಗುತ್ತದೆ. ಪರವಾಗಿಲ್ಲ. ಈಗ ಎರಡು ಸ್ಟ್ಯಾಂಡರ್ಡ್‌ಗಳೂ ಮೇಲಿನ ಚಪ್ಪಟೆ ಭಾಗದಲ್ಲಿವೆ ಅಂದುಕೊಳ್ಳಿ, ಚಿಕ್ಕದು 56, ದೊಡ್ಡದು 60. ಟೆಸ್ಟ್ 58 ಇದ್ದದ್ದನ್ನು 59 ಅಂತ ಓದಿದರೆ ಅದೇ 14.14 ಇದ್ದ ಉತ್ತರ 16.8 ಆಗುತ್ತದೆ! ಕಣ್ಣಿನ ತಪ್ಪು ಅಷ್ಟೇ, ಒಂದು ಮಿಲಿಮೀಟರ್. ಆದರೆ ನಿಂತ ಜಾಗ ಸರಿಯಿರಲಿಲ್ಲ.

ಟೆಸ್ಟಿನ ಎತ್ತರ ಎರಡು ಸ್ಟ್ಯಾಂಡರ್ಡ್‌ಗಳ ನಡುವೆಯೇ ಬೀಳಬೇಕು. ಹೊರಗೆ ಬಿದ್ದರೂ ಸೂತ್ರ ಒಂದು ಸಂಖ್ಯೆ ಕೊಡುತ್ತದೆ, ಆದರೆ ಅದು ನಂಬುವ ಸಂಖ್ಯೆಯಲ್ಲ.

ದ್ರಾವಣವೂ ಮೋಸ ಮಾಡಬಹುದು. ಅಸಿಟೈಲ್‌ಕೋಲಿನ್ ನೀರಿನಲ್ಲಿ ಒಡೆದು ಹೋಗುವ ವಸ್ತು, ಕ್ಷಾರ ಇದ್ದರೆ ಇನ್ನೂ ಬೇಗ. ಹಾಗಾಗಿ ಮೂಲ ದ್ರಾವಣವನ್ನು ಸ್ವಲ್ಪ ಆಮ್ಲ ಇರುವಂತೆ ಮಾಡಿ ಫ್ರಿಜ್ಜಿನಲ್ಲಿಟ್ಟು, ಬೇಕಾದಷ್ಟನ್ನು ಆ ಹೊತ್ತಿಗೆ ತೆಳು ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ 30 ಮಿಲಿಮೀಟರ್ ಬಂದ ಡೋಸು ಮಧ್ಯಾಹ್ನ 20 ಬಂದರೆ ಸ್ನಾಯುವಿನ ಮೇಲೆ ತಪ್ಪು ಹೊರಿಸುವ ಮೊದಲು ಹೊಸ ದ್ರಾವಣ ಹಾಕಿ ನೋಡಬೇಕು. ಹೊಸದಕ್ಕೆ ಎತ್ತರ ಮರಳಿ ಬಂದರೆ ಸ್ನಾಯು ಚೆನ್ನಾಗಿಯೇ ಇದೆ.

ಇನ್ನು ಚಿಕೋರಿಯ ಪ್ರಶ್ನೆ. ಡಿಕಾಕ್ಷನ್ ಕಹಿಯಾಗಿದೆ ಅಂತ ಕಾಫಿ ಪುಡಿ ಜಾಸ್ತಿ ಅಂದುಕೊಂಡೆವು, ಆದರೆ ಅದರಲ್ಲಿ ಅರ್ಧ ಚಿಕೋರಿ ಇದ್ದರೆ? ಸ್ನಾಯುವಿಗೂ ಇದೇ ಕಷ್ಟ. ನಿಕೋಟಿನ್ ಹಾಕಿದರೂ ರೆಕ್ಟಸ್ ಕುಗ್ಗುತ್ತದೆ, ಪೊಟ್ಯಾಸಿಯಂ ಜಾಸ್ತಿಯಾದರೂ ಕುಗ್ಗುತ್ತದೆ. ಗೆರೆ ನೋಡಿ ಯಾವುದು ಅಂತ ಹೇಳಲು ಆಗುವುದಿಲ್ಲ. ಇದಕ್ಕೆ ಒಂದು ದಾರಿ ಫೈಸೊಸ್ಟಿಗ್ಮಿನ್. ಸ್ನಾಯುವಿನಲ್ಲಿ ಅಸಿಟೈಲ್‌ಕೋಲಿನ್ ಅನ್ನು ಒಡೆದು ಹಾಕುವ ಕಿಣ್ವ ಇದೆ. ಫೈಸೊಸ್ಟಿಗ್ಮಿನ್ ಆ ಕಿಣ್ವವನ್ನು ತಡೆಯುತ್ತದೆ. ಬಾತಿಗೆ ಅದನ್ನು ಹಾಕಿದ ಮೇಲೆ ಟೆಸ್ಟಿನ ಗೆರೆ ಚೆನ್ನಾಗಿ ಎತ್ತರವಾದರೆ ಒಳಗಿರುವುದು ಅಸಿಟೈಲ್‌ಕೋಲಿನ್ ಅನ್ನುವ ಅನುಮಾನ ಬಲವಾಗುತ್ತದೆ.

ಇದಕ್ಕಿಂತ ಗಟ್ಟಿ ದಾರಿಯನ್ನು ಚಾಂಗ್ ಮತ್ತು ಗ್ಯಾಡಮ್ ಅನ್ನುವ ವಿಜ್ಞಾನಿಗಳು 1933ರಲ್ಲಿ ತೋರಿಸಿದರು. ಒಂದೇ ಟೆಸ್ಟ್ ದ್ರಾವಣವನ್ನು ಕಪ್ಪೆಯ ರೆಕ್ಟಸ್, ಜಿಗಣೆಯ ಸ್ನಾಯು, ಹೀಗೆ ಬೇರೆ ಬೇರೆ ಅಂಗಾಂಶಗಳ ಮೇಲೆ ಅಳೆದರು. ನಿಜವಾಗಿ ಅಸಿಟೈಲ್‌ಕೋಲಿನ್ ಆಗಿದ್ದರೆ ಎಲ್ಲದರಲ್ಲೂ ಒಂದೇ ಉತ್ತರ ಬರಬೇಕು. ಬೇರೆ ವಸ್ತು ಆಗಿದ್ದರೆ ಒಂದು ಅಂಗಾಂಶಕ್ಕೆ ಅದು ಜಾಸ್ತಿ ಅನ್ನಿಸುತ್ತದೆ, ಇನ್ನೊಂದಕ್ಕೆ ಕಡಿಮೆ. ನಾಲ್ಕು ಜನ ಬೇರೆ ಬೇರೆಯಾಗಿ ರುಚಿ ನೋಡಿ ನಾಲ್ವರೂ ಮೂರು ಚಮಚ ಅಂದರೆ ನಂಬಬಹುದು, ಅಲ್ವಾ? ಈ ವಿಷಯದಲ್ಲಿ ನನಗೆ ಇವತ್ತಿಗೂ ಬಹಳ ಇಷ್ಟವಾದ ಯೋಚನೆ ಇದು.

## ಗಿನಿ ಪಿಗ್ ಕರುಳಿನ ಕಥೆ ಬೇರೆ

ಅಲರ್ಜಿಯಲ್ಲಿ ಮೂಗು ಸೋರಿಸುವ ಹಿಸ್ಟಮಿನ್ ಅಳೆಯಬೇಕು ಅಂದರೆ ಗಿನಿ ಪಿಗ್‌ನ ಸಣ್ಣ ಕರುಳಿನ ಕೊನೆಯ ಭಾಗ, ಇಲಿಯಂ. ಹಿಸ್ಟಮಿನ್‌ಗೆ ಅದು ತುಂಬ ಸೂಕ್ಷ್ಮ. ಮೊಲದ ಕರುಳು ತನ್ನಷ್ಟಕ್ಕೆ ತಾನು ಕುಣಿಯುತ್ತಿರುತ್ತದೆ. ಗಿನಿ ಪಿಗ್‌ನದು ಹೆಚ್ಚು ಅಲುಗಾಡದೆ ಇರುವುದರಿಂದ ಬೇಸ್‌ಲೈನ್ ನೆಟ್ಟಗೆ ಬರುತ್ತದೆ. ಇದು ಬೇಗ ಕುಗ್ಗುವ ಅಂಗಾಂಶ, 90 ಸೆಕೆಂಡ್ ಬೇಡ, 30 ಸಾಕು.

ಆದರೆ ಕರುಳಿಗೆ ಅಸಿಟೈಲ್‌ಕೋಲಿನ್ ಕಂಡರೂ ಆಗುತ್ತದೆ, ಅದಕ್ಕೂ ಕುಗ್ಗುತ್ತದೆ. ಹಾಗಾಗಿ ಬಾತಿನ ನೀರಿಗೆ ಮೊದಲೇ ಚೂರು ಅಟ್ರೋಪಿನ್ ಸೇರಿಸುತ್ತಾರೆ. ಅಟ್ರೋಪಿನ್ ಕರುಳಿನಲ್ಲಿ ಅಸಿಟೈಲ್‌ಕೋಲಿನ್‌ನ ಜಾಗ ಮುಚ್ಚುತ್ತದೆ, ಹಿಸ್ಟಮಿನ್‌ನದು ತೆರೆದೇ ಇರುತ್ತದೆ.

ಕಷ್ಟ ಏನೆಂದರೆ ಇದು ಬೆಚ್ಚನೆ ರಕ್ತದ ಪ್ರಾಣಿಯ ಅಂಗಾಂಶ. ನೀರು ದೇಹದ ತಾಪದ ಹತ್ತಿರ ಇರಬೇಕು, ದ್ರಾವಣವೂ ರಿಂಗರ್ ಅಲ್ಲ, ಟೈರೋಡ್ ಅನ್ನುವ ಬೇರೆ ಉಪ್ಪಿನ ದ್ರಾವಣ. ನಾನು ಓದುವಾಗ ಒಂದು ದಿನ ಪರೀಕ್ಷೆಯ ನಡುವೆ ಕರೆಂಟ್ ಹೋಯಿತು. ಹೀಟರ್ ನಿಂತಿತು. ಮೊದಲ ಹತ್ತು ನಿಮಿಷ ಏನೂ ಗೊತ್ತಾಗಲಿಲ್ಲ. ಆಮೇಲೆ ಅದೇ ಡೋಸಿಗೆ ಗೆರೆ ಕುಳ್ಳಗಾಗುತ್ತಾ, ಏರುವುದೂ ನಿಧಾನವಾಗುತ್ತಾ ಬಂತು. ಔಷಧಿ ಕೆಟ್ಟಿದೆ ಅಂದುಕೊಂಡು ಡೋಸ್ ಜಾಸ್ತಿ ಮಾಡುತ್ತಾ ಹೋದೆ. ಬಾತಿಗೆ ಬೆರಳು ತಾಗಿಸಿ ನೋಡಿದ್ದರೆ ಸಾಕಿತ್ತು. ಪಕ್ಕದ ಟೇಬಲ್ಲಿನ ಕಪ್ಪೆಯ ಸ್ನಾಯು ಮಾತ್ರ ಏನೂ ಆಗದವರಂತೆ ತನ್ನ ಕೆಲಸ ಮಾಡುತ್ತಿತ್ತು.

## ಈಗ ಕಪ್ಪೆ ಎಲ್ಲಿ?

ಈಗಿನ ಬಿ.ಫಾರ್ಮ್ ಪಠ್ಯದಲ್ಲಿ ಈ ಪ್ರಯೋಗಗಳೆಲ್ಲ ಹೆಸರಿನ ಸಮೇತ ಇವೆ: ಕಪ್ಪೆಯ ರೆಕ್ಟಸ್ ಮೇಲೆ ಅಸಿಟೈಲ್‌ಕೋಲಿನ್, ಗಿನಿ ಪಿಗ್ ಇಲಿಯಂ ಮೇಲೆ ಹಿಸ್ಟಮಿನ್, ಇಲಿಯ ಗರ್ಭಕೋಶದ ಮೇಲೆ ಆಕ್ಸಿಟೋಸಿನ್. ಆದರೆ ಪ್ರಾಣಿಯ ಬದಲು ಸಾಫ್ಟ್‌ವೇರ್ ಮತ್ತು ವಿಡಿಯೋ ಬಳಸಿ ತೋರಿಸಬೇಕು ಅಂತ ಅದೇ ಪಠ್ಯ ಹೇಳುತ್ತದೆ. ಕಲಿಯುವುದಕ್ಕೆ ಅಂತ ಪ್ರತಿ ವರ್ಷ ಅಷ್ಟು ಪ್ರಾಣಿ ಕೊಲ್ಲುವುದು ನಿಂತದ್ದು ಸರಿಯೇ. ಔಷಧಿ ಕಂಪನಿಗಳಲ್ಲೂ ಅಸಿಟೈಲ್‌ಕೋಲಿನ್, ಹಿಸ್ಟಮಿನ್‌ನಂಥ ಚಿಕ್ಕ ಅಣುಗಳನ್ನು ಈಗ ಯಂತ್ರಗಳೇ ಅಳೆಯುತ್ತವೆ. ಬಯೋಅಸ್ಸೆ ಉಳಿದಿರುವುದು ಕೆಲವು ಲಸಿಕೆ, ಹಾರ್ಮೋನ್, ವಿಷನಿವಾರಕಗಳಂಥ ಕಡೆ. ಅಲ್ಲಿ ಅಣು ಎಷ್ಟಿದೆ ಅಂತ ತಿಳಿದರೂ ಅದು ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ಬೇರೆಯೇ ಪ್ರಶ್ನೆ.

ನಾನು ನೋಡಿದ ಪ್ರೋಗ್ರಾಂಗಳಲ್ಲಿ ಸ್ನಾಯು ದಣಿಯುವುದಿಲ್ಲ, ಕರೆಂಟ್ ಹೋಗಿ ಬಾತು ತಣ್ಣಗಾಗುವುದಿಲ್ಲ. ಆದರೆ ಡೋಸ್ ಆರಿಸುವ ತಪ್ಪನ್ನು ಅಲ್ಲೂ ಮಾಡಬಹುದು. ತಂಗಿ ಮಗಳು ಮಾಡಿದ್ದೂ ಅದನ್ನೇ. 0.8 ಮತ್ತು 1.6 ಎಂಎಲ್ ಆರಿಸಿದ್ದಳು. ಎರಡು ಗೆರೆಗಳೂ ಹೆಚ್ಚುಕಡಿಮೆ ಒಂದೇ ಎತ್ತರ, ಟೆಸ್ಟ್ ಎರಡಕ್ಕಿಂತಲೂ ಕೆಳಗೆ. ಉತ್ತರ ಯಾಕೆ ಹೊಂದುತ್ತಿಲ್ಲ ಅಂತ ಸೂತ್ರವನ್ನೇ ನಾಲ್ಕು ಸಲ ಲೆಕ್ಕ ಹಾಕಿದ್ದಳು.

"ಸೂತ್ರ ಬಿಡು. ನಿನ್ನ ಎರಡು ಸ್ಟ್ಯಾಂಡರ್ಡ್ ಎಲ್ಲಿ ನಿಂತಿವೆ ಅಂತ ನೋಡು," ಅಂದೆ.

ಅವಳು ಸ್ವಲ್ಪ ಹೊತ್ತು ಪರದೆ ನೋಡಿದಳು. ತಂಗಿಯೂ ಬಗ್ಗಿ ನೋಡಿದಳು. "ಎರಡೂ ಹತ್ತು ಚಮಚದ ಕಾಫಿ ಅಲ್ವೇ ಇದು," ಅಂದಳು ತಂಗಿ. ಹುಡುಗಿ ಪುಟ ಹಿಂದೆ ಸರಿಸಿ, 0.1 ಎಂಎಲ್‌ನಿಂದ ಮತ್ತೆ ಶುರು ಮಾಡಿದಳು.